ಕಟ್ ಇಲ್ದೆ ಟೆನ್ಷನ್ ಬರಿಸೋಕೆ ಡಾಲಿನಾ, ಪ್ಯಾನಾ, ಝೂಮಾ? ಒಂದು 16 ಸೆಕೆಂಡ್ ಶಾಟ್‌ನಲ್ಲಿ ಸಿಕ್ಕಾಕೊಂಡಿದೀನಿ

ಅರ್ಧರೆಂಡರ್

ಎಲ್ರಿಗೂ ನಮಸ್ಕಾರ. ಬ್ಲೆಂಡರ್‌ನಲ್ಲಿ ಒಂದು ಶಾರ್ಟ್ ಮಾಡ್ತಾ ಇದೀನಿ, ಅದ್ರಲ್ಲಿ ಒಂದೇ ಒಂದು ಶಾಟ್ ಪ್ರಾಣ ತಿಂತಾ ಇದೆ.

ಸೀನ್ ಇಷ್ಟೇ. ಒಬ್ಬ ಮನುಷ್ಯ ಟೇಬಲ್ ಮುಂದೆ ಕೂತು ಏನೋ ಬರೀತಾ ಇದಾನೆ, ಮುಖ ಕ್ಯಾಮೆರಾ ಕಡೆಗೆ. ಅವನ ಬೆನ್ನಿಂದ ಸುಮಾರು 5 ಮೀಟರ್ ಹಿಂದೆ ಒಂದು ಬಾಗಿಲು. ಮೊದಲು ಮುಚ್ಚಿರತ್ತೆ, ಆರನೇ ಸೆಕೆಂಡಿಂದ ನಿಧಾನಕ್ಕೆ ತೆರ್ಕೊಳ್ಳತ್ತೆ, ಒಳಗೆ ಬರೀ ಕತ್ತಲು. ಅವನಿಗೆ ಗೊತ್ತಾಗಲ್ಲ, ನೋಡೋರಿಗೆ ಮಾತ್ರ ಗೊತ್ತಾಗ್ಬೇಕು. 24 ಫ್ರೇಮ್ ಲೆಕ್ಕದಲ್ಲಿ 384 ಫ್ರೇಮ್. ಕಟ್ ಮಾಡಿ ಬಾಗಿಲಿನ ಕ್ಲೋಸಪ್ ಹಾಕ್ಬಿಟ್ರೆ "ನೋಡಿ ಇಲ್ಲಿ ಬಾಗಿಲು ತೆಗೀತಾ ಇದೆ" ಅಂತ ನಾನೇ ಕೂಗಿ ಹೇಳ್ದಂಗೆ ಆಗತ್ತೆ, ಅದು ಬೇಡ.

ಮೊದಲು ಕ್ಯಾಮೆರಾನ 6 ಮೀಟರ್ ದೂರ ಇಟ್ಟು ಲೆನ್ಸ್ 30ರಿಂದ 90ಕ್ಕೆ ಝೂಮ್ ಮಾಡ್ದೆ. ಶುರು ಚೆನ್ನಾಗಿರತ್ತೆ, ಅರ್ಧ ಆದ್ಮೇಲೆ ಯಾಕೋ ಸಪ್ಪೆ. ಆಮೇಲೆ ಲೆನ್ಸ್ 30ರಲ್ಲೇ ಬಿಟ್ಟು 6 ಮೀಟರಿಂದ 2 ಮೀಟರಿಗೆ ಡಾಲಿ ಇನ್. ಅದು ಪರ್ವಾಗಿಲ್ಲ, ಬಿಗಿ ಇದೆ, ಆದ್ರೆ ಕೊನೆಗೆ ಬರೋ ಹೊತ್ತಿಗೆ ಬಾಗಿಲು ಅವನ ಹೆಗಲ ಹಿಂದೆ ಮಾಯ. ಇವೆರಡರ ಜೊತೆ ಪ್ಯಾನೂ ಸೇರಿಸಿ ನೋಡ್ದೆ, ಡ್ರೋನ್ ವಿಡಿಯೋ ತರ ಆಯ್ತು. ಯಾವ್ದು ಇಟ್ಕೊಳ್ಲಿ?

---

ಸುಮ್ನೆ_ನೋಡ್ತೀನಿ

ಡಾಲಿ. ಝೂಮ್ ಅನ್ನೋದು ಹಳೇ ಸೀರಿಯಲ್‌ನೋರಿಗೆ ಬಿಟ್ಬಿಡಿ 😄

---

ಟೆಲಿಲೆನ್ಸ್_ಭಕ್ತ

ಇಲ್ಲ ಗುರು, ನಿನ್ ಕೇಸಲ್ಲಿ ಝೂಮೇ ಸರಿ. ಟೆಲಿ ಲೆನ್ಸ್ ಹಾಕಿದ ತಕ್ಷಣ ಹಿಂದಿಂದೆಲ್ಲಾ ಮುಂದಕ್ಕೆ ಬಂದು ಕಂಪ್ರೆಸ್ ಆಗತ್ತೆ. 90ಕ್ಕೆ ಹೋಗೋ ಹೊತ್ತಿಗೆ ಬಾಗಿಲು ಅವನ ಬೆನ್ನಿಗೆ ಅಂಟ್ಕೊಂಡಿರತ್ತೆ, ನಿಂಗೆ ಬೇಕಾಗಿರೋದೂ ಅದೇ ತಾನೇ. ಸಪ್ಪೆ ಅನ್ಸಿದ್ರೆ 120ಕ್ಕೆ ಹೋಗು.

---

ಗ್ರಾಫ್‌ಹುಳ

ಅರ್ಧರೆಂಡರ್ ಅವ್ರೇ, ಎರಡು ಬೇರೆ ಬೇರೆ ಪ್ರಾಬ್ಲಮ್ ಸೇರ್ಕೊಂಡಿವೆ. ಒಂದು ಯಾವ ಮೂವ್ ಅನ್ನೋದು, ಇನ್ನೊಂದು ಆ ಮೂವ್‌ನ ವೇಗ. "ಅರ್ಧ ಆದ್ಮೇಲೆ ಸಪ್ಪೆ" ಅಂದ್ರಲ್ಲ, ಅದು ವೇಗದ್ದು. ಮೊದಲು ಅದನ್ನೇ ಹೇಳ್ತೀನಿ.

ಝೂಮ್‌ನ 30ರಿಂದ 90ಕ್ಕೆ ಲೀನಿಯರ್ ಆಗಿ ಹಾಕಿದೀರ ಅನ್ಕೋತೀನಿ. ಅರ್ಧ ದಾರೀಲಿ ಲೆನ್ಸ್ 60 ಇರತ್ತೆ, ಅಂದ್ರೆ ಮನುಷ್ಯ ಆಗ್ಲೇ ಎರಡು ಪಟ್ಟು ದೊಡ್ಡವನಾಗಿದಾನೆ. ಉಳಿದ ಅರ್ಧದಲ್ಲಿ 60ರಿಂದ 90, ಬರೀ ಒಂದೂವರೆ ಪಟ್ಟು. ನಮ್ಮ ಕಣ್ಣು ಎಷ್ಟು ಮಿಲಿಮೀಟರ್ ಅಂತ ನೋಡಲ್ಲ, ಇದ್ದಿದ್ದಕ್ಕಿಂತ ಎಷ್ಟು ಪಟ್ಟು ಆಯ್ತು ಅಂತ ನೋಡತ್ತೆ. ಹಂಗಾಗಿ ಗ್ರಾಫ್ ನೆಟ್ಟಗಿದ್ರೂ ಸ್ಕ್ರೀನ್ ಮೇಲೆ ಝೂಮ್ ನಿಧಾನ ಆಗ್ತಾ ಹೋಗತ್ತೆ.

ಈಗ ಡಾಲಿ ನೋಡಿ. 6 ಮೀಟರಿಂದ 2 ಮೀಟರಿಗೆ, ಅರ್ಧ ದಾರೀಲಿ 4 ಮೀಟರ್. ಅಲ್ಲಿಗೆ ಮನುಷ್ಯ ಒಂದೂವರೆ ಪಟ್ಟು ಆಗಿದಾನೆ, ಉಳಿದ ಅರ್ಧದಲ್ಲಿ 4ರಿಂದ 2ಕ್ಕೆ ಬಂದು ಇನ್ನೂ ಎರಡು ಪಟ್ಟು ಆಗ್ತಾನೆ. ಕೊನೆಗೆ ಎರಡ್ರಲ್ಲೂ ಮೂರು ಪಟ್ಟೇ, ಹಂಚಿಕೆ ಮಾತ್ರ ತಿರುಗುಮುರುಗು. ಡಾಲಿ ತಾನಾಗೇ ಏರ್ತಾ ಹೋಗತ್ತೆ, ಲೀನಿಯರ್ ಝೂಮ್ ತಾನಾಗೇ ಇಳೀತಾ ಹೋಗತ್ತೆ. ನಿಮಗೆ ಡಾಲಿ "ಬಿಗಿ ಇದೆ" ಅನ್ಸಿದ್ದಕ್ಕೆ ಅರ್ಧ ಕಾರಣ ಇದೇ, ಡಾಲಿ ಮೇಲು ಝೂಮ್ ಕೀಳು ಅಂತೇನಿಲ್ಲ.

ಝೂಮ್ ಸಮವಾಗಿ ಹೋಗ್ಬೇಕಂದ್ರೆ ಮಧ್ಯದ ಫ್ರೇಮ್‌ನಲ್ಲಿ ಲೆನ್ಸ್ 60 ಅಲ್ಲ, 52ರ ಹತ್ರ ಇರ್ಬೇಕು. ಏರ್ತಾ ಹೋಗ್ಬೇಕಂದ್ರೆ 45. ಮಧ್ಯ ಒಂದು ಕೀ ಹಾಕಿ ನೋಡಿ, ಅದೇ ಶಾಟ್ ಬೇರೆ ತರ ಕಾಣತ್ತೆ.

---

ಅರ್ಧರೆಂಡರ್

ಓಹ್. 45 ಹಾಕಿ ಪ್ಲೇಬ್ಲಾಸ್ಟ್ ತೆಗ್ದೆ, ನಿಜಕ್ಕೂ ಬೇರೆ ಶಾಟ್ ತರ ಇದೆ. ಆದ್ರೂ ಕೊನೇ ಒಂದೆರಡು ಸೆಕೆಂಡ್ ಮತ್ತೆ ಗಾಳಿ ಹೋದ ಬಲೂನ್ ಆಗತ್ತೆ.

---

ಗ್ರಾಫ್‌ಹುಳ

ಕೀಗಳು ಡೀಫಾಲ್ಟ್ ಬೆಝಿಯರ್‌ನಲ್ಲೇ ಇರ್ಬೇಕು. ಹೊಸ ಕೀ ಹಾಕಿದಾಗ ಬ್ಲೆಂಡರ್ ಶುರುಲೂ ಕೊನೇಲೂ ಹ್ಯಾಂಡಲ್ ಮಲಗಿಸಿ ಕೊಡತ್ತೆ, ಅದಕ್ಕೇ ಕ್ಯಾಮೆರಾ ಕೊನೇಲಿ ಮೆತ್ತಗೆ ನಿಲ್ಲತ್ತೆ. ಮೆತ್ತಗೆ ನಿಂತ ಕ್ಯಾಮೆರಾ ನೋಡೋರಿಗೆ "ಬಂತು, ಮುಗೀತು" ಅನ್ನೋ ಸಮಾಧಾನ ಕೊಡತ್ತೆ. ನಿಮಗೆ ಸಮಾಧಾನ ಬೇಡ. ಶಾಟ್ ಮುಗಿಯೋ ಕ್ಷಣದಲ್ಲಿ ಕ್ಯಾಮೆರಾ ಇನ್ನೂ ಓಡ್ತಾ ಇರ್ಬೇಕು.

ಸುಲಭ ದಾರಿ ಅಂದ್ರೆ ಕೊನೇ ಕೀನ 384ರಲ್ಲಿ ಇಡ್ಬೇಡಿ, 410ರ ಹತ್ರ ಇಡಿ, ಬೆಲೆನೂ ಅಷ್ಟೇ ಮುಂದಕ್ಕೆ ತಳ್ಳಿ. ನಿಲ್ಲೋ ಭಾಗ ಶಾಟಿಂದ ಆಚೆ ಬೀಳತ್ತೆ. ಶುರುಲಿ ಮಾತ್ರ ಮೆತ್ತಗೇ ಇರ್ಲಿ, ಮೊದಲ ಮೂರು ಸೆಕೆಂಡ್ ಏನೂ ಅಲ್ಲಾಡ್ಬಾರ್ದು. ಕ್ಯಾಮೆರಾ ಯಾವಾಗ ಹೊರಟಿತು ಅಂತ ನೋಡೋರಿಗೆ ಗೊತ್ತಾಗ್ಬಾರ್ದು.

---

ರೆಂಡರ್_ಕ್ಯೂ

ಒಂದ್ ಡೌಟು. ಕಟ್ ಇಲ್ದೆ ಅಂದ್ರೆ 384 ಫ್ರೇಮೂ ಒಂದೇ ಸಲ ರೆಂಡರ್ ಆಗ್ಬೇಕು ಅಂತನಾ? ನಂದು ಮಧ್ಯ ಕ್ರ್ಯಾಶ್ ಆಗತ್ತೆ. ನಾನು ಪಿಎನ್‌ಜಿ ಸೀಕ್ವೆನ್ಸ್ ಆಗಿ ತೆಗ್ದು ಆಮೇಲೆ ಸೇರಿಸ್ತೀನಿ, ನೀವೂ ಹಂಗೇ ಮಾಡಿ. ನೇರ ವಿಡಿಯೋ ಫೈಲ್‌ಗೆ ರೆಂಡರ್ ಹಾಕಿದ್ರೆ ಕರೆಂಟ್ ಹೋದ್ರೆ ಎಲ್ಲಾ ಹೋಯ್ತು.

---

ಸುಮ್ನೆ_ನೋಡ್ತೀನಿ

@ರೆಂಡರ್_ಕ್ಯೂ ಅವ್ರು ಕೇಳ್ತಿರೋದು ಎಡಿಟ್ ಕಟ್ ಮಾರಾಯ್ರೆ. ಆದ್ರೂ ಸಲಹೆ ಒಳ್ಳೇದೇ ಬಿಡಿ

---

ನೆರಳುಬೆಳಕು

ಟೆಲಿಲೆನ್ಸ್_ಭಕ್ತ ಅವ್ರು ಹೇಳಿದ್ದು ಅರ್ಧ ನಿಜ. ಕಂಪ್ರೆಸ್ ಆಗೋದು ನಿಜ, ಆದ್ರೆ ಅದನ್ನ ಮಾಡೋದು ಲೆನ್ಸ್ ಅಲ್ಲ, ದೂರ. ಕ್ಯಾಮೆರಾ ಒಂದೇ ಕಡೆ ನಿಂತು 30ರಿಂದ 90ಕ್ಕೆ ಹೋದ್ರೆ ಮನುಷ್ಯನೂ ಮೂರು ಪಟ್ಟು, ಬಾಗಿಲೂ ಮೂರು ಪಟ್ಟು. ಅವರಿಬ್ಬರ ಮಧ್ಯೆ ಇರೋ ಸಂಬಂಧ ಒಂಚೂರೂ ಬದಲಾಗಲ್ಲ. ನಂಬಿಕೆ ಇಲ್ಲಾಂದ್ರೆ 30ರಲ್ಲಿ ಒಂದು ಸ್ಟಿಲ್ ತೆಗೀರಿ, ಅದರ ನಡುವಿನ ಮೂರನೇ ಒಂದು ಭಾಗ ಕ್ರಾಪ್ ಮಾಡಿ ದೊಡ್ಡದು ಮಾಡಿ, 90ರ ಸ್ಟಿಲ್ ಮೇಲೆ ಅರ್ಧ ಪಾರದರ್ಶಕ ಮಾಡಿ ಇಡಿ. ಗೆರೆಗೆ ಗೆರೆ ಕೂರತ್ತೆ, ಫೋಕಸ್ ಮಸುಕು ಮಾತ್ರ ಬೇರೆ ಇರ್ಬಹುದು.

ಹಂಗಾಗಿ ಮೂವ್ ಆರಿಸೋಕೆ ಮುಂಚೆ ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಈ ಶಾಟ್ ಓಡ್ತಾ ಓಡ್ತಾ ಬಾಗಿಲಿಗೂ ಮನುಷ್ಯನಿಗೂ ಏನಾಗ್ಬೇಕು?

ಡಾಲಿ ಇನ್ ಮಾಡಿದ್ರೆ ಮನುಷ್ಯ 6ರಿಂದ 2 ಮೀಟರಿಗೆ ಬಂದು ಮೂರು ಪಟ್ಟು ಬೆಳೀತಾನೆ. ಬಾಗಿಲು ಕ್ಯಾಮೆರಾಯಿಂದ 11 ಮೀಟರ್ ಇದ್ದಿದ್ದು 7ಕ್ಕೆ ಬರತ್ತೆ, ಒಂದೂವರೆ ಪಟ್ಟು ಚಿಲ್ಲರೆ ಅಷ್ಟೇ. ಅಂದ್ರೆ ಅವನ ಲೆಕ್ಕದಲ್ಲಿ ಬಾಗಿಲು ಅರ್ಧಕ್ಕೆ ಕುಗ್ಗತ್ತೆ, ಅದಕ್ಕೇ ಹೆಗಲ ಹಿಂದೆ ಹೋಗಿದ್ದು. ನಾವು ಅವನ ತಲೆಯೊಳಗೆ ಹೋಗ್ತಾ ಇದೀವಿ, ಜಗತ್ತು ಹಿಂದೆ ಸರೀತಾ ಇದೆ. ಅವನಿಗೆ ಏನೋ ಹೊಳೀತಾ ಇದ್ರೆ ಇದು ಸರಿ. ನಿಮ್ಮ ಕಥೇಲಿ ಅವನಿಗೆ ಏನೂ ಗೊತ್ತಿಲ್ಲ.

ಬರೀ ಝೂಮ್ ಅಂದ್ರೆ ಎಲ್ಲಿಂದಲೋ ಒಬ್ಬ ನಿಂತು ಗಮನ ಇಟ್ಟು ನೋಡ್ದಂಗೆ. ಕದ್ದು ನೋಡೋ ಫೀಲ್ ಬೇಕಿದ್ರೆ ಚೆನ್ನಾಗಿರತ್ತೆ. ಇಲ್ಲಿ ನೋಡ್ತಿರೋರು ಯಾರು?

ನಿಮಗೆ ಬೇಕಾಗಿರೋದು ಮನುಷ್ಯ ಇದ್ದಲ್ಲೇ ಇರ್ಬೇಕು, ಅವನಿಗೆ ಗೊತ್ತಿಲ್ದೆ ಬಾಗಿಲು ಅವನ ಮೇಲೆ ಬರ್ಬೇಕು. ಅದಕ್ಕೆ ನೀವು ಮಾಡಿರೋ ಎರಡು ಮೂವನ್ನೇ ಉಲ್ಟಾ ಜೋಡಿಸಿ. 2 ಮೀಟರಲ್ಲಿ 30 ಲೆನ್ಸ್‌ನಿಂದ ಶುರು ಮಾಡಿ, ಕ್ಯಾಮೆರಾನ 6 ಮೀಟರಿಗೆ ಹಿಂದಕ್ಕೆ ಎಳೀರಿ, ಅದೇ ಹೊತ್ತಿಗೆ ಲೆನ್ಸ್ 90ಕ್ಕೆ ಹೋಗ್ಲಿ. ಮನುಷ್ಯನ ಸೈಝ್ ಒಂದೇ. ಬಾಗಿಲು ಶುರುಲಿ ಫ್ರೇಮ್ ಎತ್ತರದ ಶೇಕಡ 44ರಷ್ಟು ಇರತ್ತೆ (2.1 ಮೀಟರ್ ಬಾಗಿಲು ಅಂತ ಲೆಕ್ಕ), ಕೊನೆಗೆ ಶೇಕಡ 85. ಹತ್ರತ್ರ ಎರಡು ಪಟ್ಟು, ಆದ್ರೆ ಯಾರೂ ಏನೂ ನಡೆದಿಲ್ಲ.

---

ಟೆಲಿಲೆನ್ಸ್_ಭಕ್ತ

ಲೆಕ್ಕ ಎಲ್ಲಾ ಸರಿ ಸರ್, ಆದ್ರೆ ಫೀಲ್ ಅಂತ ಒಂದಿರತ್ತೆ. 90ರ ಫ್ರೇಮ್ ನೋಡಿದ್ರೆ ಬಾಗಿಲು ಹತ್ರ ಇದ್ದಂಗೆ ಅನ್ಸತ್ತೋ ಇಲ್ವೋ?

---

ನೆರಳುಬೆಳಕು

ಅನ್ಸತ್ತೆ. 6 ಮೀಟರಿಂದ ನೋಡ್ತಾ ಇದೀರಲ್ಲ, ಅದಕ್ಕೆ. 30ರ ಫ್ರೇಮ್‌ನಲ್ಲೂ ಅಷ್ಟೇ ಹತ್ರ ಇತ್ತು, ಸುತ್ತ ಜಾಗ ಜಾಸ್ತಿ ಇದ್ದಿದ್ದಕ್ಕೆ ಗಮನಕ್ಕೆ ಬರ್ಲಿಲ್ಲ. ಶಾಟ್ ನಡೀತಾ ಇರೋವಾಗ *ಬದಲಾಗೋದು* ಕಾಣ್ಬೇಕು, ಅದು ಝೂಮ್ ಒಂದ್ರಿಂದ ಆಗಲ್ಲ.

---

ಟೆಲಿಲೆನ್ಸ್_ಭಕ್ತ

ಸರಿ ನೀವು ನಿಮ್ ದಾರಿ ನಾನು ನನ್ ದಾರಿ 🙏

---

ಕಟ್_ಕಟ್_ಕಟ್

ಅಯ್ಯೋ ಡಾಲಿ ಝೂಮಾ? 1958ರಲ್ಲಿ ಹಿಚ್‌ಕಾಕ್ ಮಾಡಿದ್ಮೇಲೆ ಹೊಸದಾಗಿ ಕ್ಯಾಮೆರಾ ಹಿಡಿದೋರೆಲ್ಲಾ ಅದನ್ನೇ ಮಾಡ್ತಾರೆ. ನೋಡೋರು "ಓ ಡಾಲಿ ಝೂಮ್" ಅಂತ ಬೆರಳು ತೋರ್ಸ್ತಾರೆ, ಟೆನ್ಷನ್ ಅಲ್ಲೇ ಸತ್ತೋಗತ್ತೆ. ನನ್ ಮಾತು ಕೇಳಿದ್ರೆ ಕ್ಯಾಮೆರಾ ಅಲ್ಲಾಡ್ಸ್ಲೇಬೇಡಿ. ಲಾಕ್ ಮಾಡಿ. ಬಾಗಿಲು ಒಂದೇ ಅಲ್ಲಾಡ್ಲಿ. ಅದಕ್ಕಿಂತ ಭಯ ಇನ್ಯಾವ್ದೂ ಇಲ್ಲ.

---

ನೆರಳುಬೆಳಕು

ಲಾಕ್ ಶಾಟ್ ಒಳ್ಳೇ ಆಯ್ಕೆನೇ, ವಾದ ಮಾಡಲ್ಲ. ಆದ್ರೆ ಬೆರಳು ತೋರ್ಸೋದು ಎರಡು ಸೆಕೆಂಡಲ್ಲಿ ಮುಗಿಸಿದಾಗ. ಇವ್ರ ಹತ್ರ ಮೊದಲ ಮೂರು ಬಿಟ್ರೂ 13 ಸೆಕೆಂಡ್ ಇದೆ. ಅಷ್ಟು ಹರಡಿದ್ರೆ ಗೋಡೆ ಸರೀತಾ ಇದೆ ಅಂತ ಯಾರಿಗೂ ಕಾಣಲ್ಲ, ಏನೋ ಸರಿ ಇಲ್ಲ ಅಂತ ಮಾತ್ರ ಅನ್ಸತ್ತೆ. ಇನ್ನೊಂದು, ಲಾಕ್ ಶಾಟ್‌ನಲ್ಲಿ ಅಲ್ಲಾಡೋದು ಬಾಗಿಲು ಒಂದೇ ಆದ್ರೆ ಅದು ಅಲ್ಲಾಡಿದ ಮೊದಲ ಫ್ರೇಮಿಂದಲೇ ಎಲ್ಲರ ಕಣ್ಣೂ ಅಲ್ಲೇ ಹೋಗತ್ತೆ. ಅವನ ಕೈ ಬರೀತಾ ಇದ್ರೆ ಸ್ವಲ್ಪ ಗಮನ ಹಂಚ್ಕೊಳ್ಳತ್ತೆ ನಿಜ.

---

ಕಟ್_ಕಟ್_ಕಟ್

ಕಣ್ಣು ಅಲ್ಲೇ ಹೋಗ್ಲಿ ಅಂತಾನೇ ತಾನೇ ನಾವು ಮಾಡೋದು! ಹಾಂ ಇರ್ಲಿ.

---

ಅರ್ಧರೆಂಡರ್

ನೆರಳುಬೆಳಕು ಅವ್ರೇ ಟ್ರೈ ಮಾಡ್ತಾ ಇದೀನಿ. ಕೈಯಲ್ಲಿ ಎರಡಕ್ಕೂ ಕೀ ಹಾಕಿದ್ರೆ ಶುರು ಕೊನೆ ಸರಿ ಇದೆ, ಎರಡರ ಕರ್ವ್ ಒಂದೇ ತರ ಇಲ್ದೆ ಮಧ್ಯ ಮನುಷ್ಯ ಉಬ್ಬಿ ಇಳೀತಾನೆ. ಜೊತೆಗೆ 4 ಮೀಟರ್ ಹಿಂದೆ ಹೋದ್ರೆ ಲೈಟಿಂಗ್‌ಗೆ ಅಂತ ಈಗ ಹಾಕಿದ ರೂಮಿನ ಗೋಡೆ ಅಡ್ಡ ಬರತ್ತೆ, ಅದನ್ನ ಡಿಲೀಟ್ ಮಾಡಿದ್ರೆ ಲೈಟಿಂಗ್ ಪೂರ್ತಿ ಬದಲಾಗೋಗತ್ತೆ.

---

ಗ್ರಾಫ್‌ಹುಳ

ಲೆನ್ಸ್‌ಗೆ ಕೀ ಹಾಕ್ಬೇಡಿ. ಮನುಷ್ಯ ಇರೋ ಜಾಗದಲ್ಲಿ ಒಂದು ಎಂಪ್ಟಿ ಇಡಿ, ಕ್ಯಾಮೆರಾದ `Focal Length` ಮೇಲೆ ರೈಟ್ ಕ್ಲಿಕ್ ಮಾಡಿ `Add Driver` ಕೊಡಿ. ವೇರಿಯಬಲ್ ಟೈಪ್ `Distance`, ಒಂದು ಕಡೆ ಕ್ಯಾಮೆರಾ ಇನ್ನೊಂದು ಕಡೆ ಎಂಪ್ಟಿ, ಹೆಸರು `dist` ಅಂತಿಟ್ಟು ಇದನ್ನ ಬರೀರಿ:

```
30 * dist / 2
```

2 ಮೀಟರಲ್ಲಿ 30, 6 ಮೀಟರಲ್ಲಿ 90, ಮಧ್ಯದ್ದೆಲ್ಲಾ ತಾನೇ ಸರಿಹೋಗತ್ತೆ. ಇನ್ಮೇಲೆ ಕೀ ಇರೋದು ಕ್ಯಾಮೆರಾದ ಜಾಗಕ್ಕೆ ಮಾತ್ರ.

ಎಂಪ್ಟಿನ ತಲೆ ಬೋನ್‌ಗೆ ಪೇರೆಂಟ್ ಮಾಡೋಕೆ ಮಾತ್ರ ಹೋಗ್ಬೇಡಿ. ಅವನು ಉಸಿರಾಡಿದಾಗ, ಬರೆಯೋಕೆ ಬಗ್ಗಿದಾಗ ದೂರ ಬದಲಾಗತ್ತೆ, ಅದರ ಜೊತೆ ಲೆನ್ಸೂ ಕುಣಿಯತ್ತೆ. ಹಂಗಾಗ್ತಾ ಇದ್ಯಾ ಅಂತ ನೋಡೋಕೆ ಮನುಷ್ಯನನ್ನ ನೋಡ್ಬೇಡಿ, ಹಿಂದಿನ ಬಾಗಿಲಿನ ಚೌಕಟ್ಟು ನೋಡಿ, ಅದು ನಾಡಿ ಬಡಿದಂಗೆ ಮಿಡೀತಾ ಇರತ್ತೆ. ಕುರ್ಚಿ ಹತ್ರ ನೆಲಕ್ಕೆ ಕಟ್ಟಿಬಿಡಿ ಎಂಪ್ಟಿನ. ಎತ್ತರ ಮಾತ್ರ ಕ್ಯಾಮೆರಾ ನೋಡೋ ಗೆರೆ ಮೇಲೇ ಇರ್ಲಿ, ಇಲ್ಲಾಂದ್ರೆ ದೂರ ಓರೆಯಾಗಿ ಅಳತೆ ಆಗಿ ಹತ್ರ ಇದ್ದಾಗ ಸ್ವಲ್ಪ ತಪ್ಪತ್ತೆ. ಸರಿ ಇದ್ಯಾ ಅಂತ ಚೆಕ್ ಮಾಡೋಕೆ ವ್ಯೂಪೋರ್ಟ್‌ನಲ್ಲಿ ಅವನ ಎರಡು ಹೆಗಲಿಗೂ ಅನೋಟೇಷನ್ ಗೆರೆ ಎಳೆದು ಟೈಮ್‌ಲೈನ್ ಎಳೀರಿ, ಹೆಗಲು ಗೆರೆ ಬಿಟ್ಟು ಆಚೀಚೆ ಹೋಗ್ಬಾರ್ದು.

ಗೋಡೆ ಡಿಲೀಟ್ ಮಾಡ್ಬೇಡಿ. ಸೈಕಲ್ಸ್ ಆದ್ರೆ ಆ ಗೋಡೆಯ ಆಬ್ಜೆಕ್ಟ್ ಸೆಟ್ಟಿಂಗ್‌ನಲ್ಲಿ `Ray Visibility` ಒಳಗೆ `Camera` ಟಿಕ್ ತೆಗೀರಿ. ಕ್ಯಾಮೆರಾಗೆ ಕಾಣಲ್ಲ, ಬೆಳಕು ಮಾತ್ರ ಮುಂಚಿನ ತರನೇ ಅದಕ್ಕೆ ಬಡಿದು ವಾಪಸ್ ಬರತ್ತೆ.

---

ಅರ್ಧರೆಂಡರ್

ಡ್ರೈವರ್ ಕೆಲ್ಸ ಮಾಡ್ತು!! ಗೋಡೆದೂ ಆಯ್ತು. ಆದ್ರೆ ಕ್ಯಾಮೆರಾ ಲೀನಿಯರ್ ಇಟ್ಟಿದೀನಿ, ಮತ್ತೆ ಅದೇ ಕಥೆ, ಮೊದಲು ಬಾಗಿಲು ಸರಸರ ಬೆಳೆಯತ್ತೆ ಆಮೇಲೆ ನಿಧಾನ. ಡಾಲಿ ತಾನಾಗೇ ಏರತ್ತೆ ಅಂದ್ರಲ್ಲ?

---

ಗ್ರಾಫ್‌ಹುಳ

ಅದು ಹತ್ರ ಹೋಗೋ ಡಾಲಿಗೆ. ನೀವೀಗ ಹಿಂದಕ್ಕೆ ಹೋಗ್ತಾ ಇದೀರ, ಲೆಕ್ಕ ತಿರುಗತ್ತೆ. ಕ್ಯಾಮೆರಾ 4 ಮೀಟರ್ ಮುಟ್ಟೋ ಹೊತ್ತಿಗೆ ಬಾಗಿಲು 1.56 ಪಟ್ಟು ಆಗೋಗಿರತ್ತೆ, ಒಟ್ಟು ಆಗೋದೇ 1.91. ಅಂದ್ರೆ ಉಳಿದ ಅರ್ಧ ಸಮಯಕ್ಕೆ ಬರೀ 1.23 ಪಟ್ಟು ಮಿಕ್ಕಿದೆ.

ಮೂವ್ 72ನೇ ಫ್ರೇಮಿಂದ ಶುರು ಆದ್ರೆ ಅದರ ಮಧ್ಯ 228. ಅಲ್ಲಿ ಕ್ಯಾಮೆರಾನ 4ರ ಬದ್ಲು 3 ಮೀಟರಲ್ಲಿ ಇಡಿ. ಆಗ ಮೊದಲರ್ಧ 1.31, ಎರಡನೇ ಅರ್ಧ 1.45, ಮೆಲ್ಲಗೆ ಏರ್ತಾ ಹೋಗತ್ತೆ. 3ಕ್ಕಿಂತ ಇನ್ನೂ ಹತ್ರ ಇಟ್ರೆ ಕೊನೇಲಿ ಜಿಗಿದಂಗೆ ಆಗತ್ತೆ, ಆಗ ಕಟ್_ಕಟ್_ಕಟ್ ಅವ್ರು ಹೇಳಿದಂಗೆ ಟ್ರಿಕ್ ಕಾಣತ್ತೆ. ಬಾಗಿಲು ತೆರೆಯೋದು ಆರನೇ ಸೆಕೆಂಡ್ ಅಂದ್ರಿ, 144ನೇ ಫ್ರೇಮ್. ಒಳ್ಳೇದಾಯ್ತು, ಮೂರು ಸೆಕೆಂಡ್ ಮುಂಚೆನೇ ಕ್ಯಾಮೆರಾ ಹೊರಟಿರತ್ತೆ, ಎರಡೂ ಒಟ್ಟಿಗೆ ಶುರು ಆಗಲ್ಲ. ಒಟ್ಟಿಗೆ ಶುರು ಆದ್ರೆ ಬಾಗಿಲನ್ನ ಕ್ಯಾಮೆರಾನೇ ಎಳೆದಂಗೆ ಕಾಣತ್ತೆ.

---

ನೆರಳುಬೆಳಕು

ಗ್ರಾಫ್‌ಹುಳ ಹೇಳಿದ್ದಕ್ಕೆ ಸೇರಿಸ್ತೀನಿ, ಬಾಗಿಲು ಅವನ ನೇರ ಹಿಂದೆ ಇದ್ಯಾ? ಇದ್ರೆ ಪಕ್ಕಕ್ಕೆ ಸರಿಸಿ, ಬಾಗಿಲಿನ ನಡುಗೆರೆ ಕ್ಯಾಮೆರಾ ನಡುಗೆರೆಯಿಂದ 1 ಮೀಟರ್ ಆಚೆ ಇರ್ಲಿ. ಆಗ ಒಂದು ಮಜಾ ನಡೆಯತ್ತೆ. ಶುರುಲಿ ಬಾಗಿಲಿನ ಒಳಅಂಚು ಅವನ ಹೆಗಲ ಹಿಂದೆ ಸ್ವಲ್ಪ ಮುಚ್ಚಿರತ್ತೆ. ಕ್ಯಾಮೆರಾ ಹಿಂದೆ ಹೋಗ್ತಾ ಹೋಗ್ತಾ ಬಾಗಿಲು ದೊಡ್ಡದಾಗೋದ್ರ ಜೊತೆ ಹೊರಗಡೆಗೆ ಸರೀತಾ ಅವನ ಹೆಗಲಿಂದ ಬಿಡಿಸ್ಕೊಳ್ಳತ್ತೆ. ಕೊನೆಗೆ ಇಬ್ಬರ ಮಧ್ಯೆ ಒಂದು ತೆಳು ಗೋಡೆಪಟ್ಟಿ ಕಾಣತ್ತೆ. ಪ್ಯಾನ್ ಮಾಡ್ದೆ, ಕಟ್ ಮಾಡ್ದೆ ಮುಚ್ಚಿದ್ದನ್ನ ಬಿಚ್ಚಿ ತೋರಿಸಿದಂಗಾಯ್ತು. ಕತ್ತಲು ಇರೋ ಸೀಳು ಒಳಅಂಚಿನ ಕಡೆ ಬರೋ ಹಾಗೆ ಬಾಗಿಲಿನ ಕೀಲನ್ನ ಆಚೆ ಬದಿಗೆ ಹಾಕಿ, ಇಲ್ಲಾಂದ್ರೆ ತೆರ್ಕೊಳ್ಳೋದು ಮೊದಲೇ ಕಂಡುಬಿಡತ್ತೆ.

---

ಲೈಟ್‌ಟೇಬಲ್

ನಾನು ಟೂಡಿ ಮಾಡೋಳು, ನಮಗೆ ಈ ಭಾಗ್ಯ ಎಲ್ಲಿ 😅 ನಮ್ಮಲ್ಲಿ ಒಂದೇ ಹಾಳೆ ಮೇಲೆ ಬರೆದ ಬ್ಯಾಕ್‌ಗ್ರೌಂಡ್‌ಗೆ ಕ್ಯಾಮೆರಾ ಎಷ್ಟು ಹತ್ರ ತಗೊಂಡೋದ್ರೂ ಅದು ಝೂಮೇ, ಡಾಲಿ ಆಗಲ್ಲ. ಪೇಂಟಿಂಗ್ ಒಳಗೆ ದೂರ ಹತ್ರ ಅನ್ನೋದೇ ಇಲ್ಲ, ಎಲ್ಲಾ ಒಟ್ಟಿಗೆ ದೊಡ್ಡದಾಗತ್ತೆ. ಅದಕ್ಕೇ 1930ರ ದಶಕದಲ್ಲಿ ಡಿಸ್ನಿಯೋರು ಗಾಜಿನ ಪದರಗಳನ್ನ ಒಂದರ ಮೇಲೊಂದು ಇಟ್ಟು ಮಲ್ಟಿಪ್ಲೇನ್ ಕ್ಯಾಮೆರಾ ಕಟ್ಟಿದ್ದು.

ಆದ್ರೆ ಈ ಥ್ರೆಡ್ ಓದಿ ಹೊಳೀತು, ನೆರಳುಬೆಳಕು ಸರ್ ಹೇಳ್ತಿರೋ ಉಲ್ಟಾ ಮೂವ್ ನಮಗೇ ಸುಲಭ ಅಲ್ವಾ? ಮನುಷ್ಯನ ಲೇಯರ್ ಮುಟ್ಟೋದೇ ಬೇಡ, ಬಾಗಿಲಿನ ಲೇಯರ್ ಮಾತ್ರ 100ರಿಂದ 191ಕ್ಕೆ ಸ್ಕೇಲ್ ಮಾಡಿದ್ರೆ ಆಯ್ತು?

---

ನೆರಳುಬೆಳಕು

ಮೇಡಂ, ಸರಿಯಾಗಿ ಹಿಡ್ದಿದೀರ. ಮಧ್ಯದ ಲೇಯರ್‌ಗಳು ಮಾತ್ರ ಅವುಗಳ ದೂರಕ್ಕೆ ತಕ್ಕಂಗೆ ಇರ್ಬೇಕು. ಮನುಷ್ಯನಿಂದ 2 ಮೀಟರ್ ಹಿಂದೆ ಒಂದು ಕಪಾಟು ಇದೆ ಅನ್ಕೊಳ್ಳಿ, ಅದು 150ಕ್ಕೆ ಹೋಗ್ಬೇಕು, 191ಕ್ಕಲ್ಲ. ಎಲ್ಲಾ ಸೇರಿಸಿ 191 ಮಾಡಿದ್ರೆ ಪರದೆ ದೊಡ್ಡದಾದಂಗೆ ಕಾಣತ್ತೆ ಹೊರತು ರೂಮು ಮುಂದೆ ಬಂದಂಗಲ್ಲ.

ನೆಲದಲ್ಲಿ ಸಿಕ್ಕಾಕೊಳ್ತೀರ. ನೆಲ ಅನ್ನೋದು ಹತ್ರದಿಂದ ದೂರದವರೆಗೆ ಒಂದೇ ಹಾಸು, ಅದಕ್ಕೆ ಒಂದು ಸ್ಕೇಲ್ ನಂಬರ್ ಇಲ್ಲ. ಟೈಲ್ಸ್ ಗೆರೆ ಬರೆದಿದ್ರೆ ಕಳ್ಳತನ ತಕ್ಷಣ ಗೊತ್ತಾಗತ್ತೆ. ಫ್ರೇಮ್ ಕೆಳಗೆ ಟೇಬಲ್ ಇಟ್ಟು ನೆಲ ಮುಚ್ಚಿಬಿಡಿ.

---

ಲೈಟ್‌ಟೇಬಲ್

ಟೇಬಲ್ ಐಡಿಯಾ ಸೂಪರ್. ಬ್ಯಾಕ್‌ಗ್ರೌಂಡನ್ನ ಡಬಲ್ ಸೈಝಲ್ಲಿ ಪೇಂಟ್ ಮಾಡ್ಬೇಕು ಅಂತಾಯ್ತು, 1920 ಫ್ರೇಮ್‌ಗೆ 3840 ಅಗಲ, ಇಲ್ಲಾಂದ್ರೆ ಕೊನೇಲಿ ಬಾಗಿಲು ಮಸುಕು. ಮತ್ತೆ ಗ್ರಾಫ್‌ಹುಳ ಅವ್ರು ಹೇಳಿದ ಪಟ್ಟುಗಳ ಸಮಸ್ಯೆ ನಮ್ಮಲ್ಲೂ ಇದೆ, ಆಫ್ಟರ್ ಎಫೆಕ್ಟ್ಸ್‌ನಲ್ಲಿ ಸ್ಕೇಲ್ ಕೀ ಎರಡನ್ನ ಸೆಲೆಕ್ಟ್ ಮಾಡಿ ಕೀಫ್ರೇಮ್ ಅಸಿಸ್ಟೆಂಟಲ್ಲಿ `Exponential Scale` ಕೊಟ್ರೆ ಸಮ ಆಗತ್ತೆ. ಯಾಕೆ ಆ ಆಪ್ಷನ್ ಇದೆ ಅಂತ ಇವತ್ತು ಗೊತ್ತಾಯ್ತು.

---

ಎರಡೆರಡು_ಫ್ರೇಮ್

ಕ್ಯಾಮೆರಾ ಪ್ರತಿ ಫ್ರೇಮೂ ಚಲಿಸ್ತಾ ಇದ್ದು ಕ್ಯಾರೆಕ್ಟರ್ ಎರಡೆರಡು ಫ್ರೇಮ್‌ಗೆ ಒಂದು ಡ್ರಾಯಿಂಗ್ ಇದ್ರೆ ನಡಿಗೆಲಿ ಜರ್ಕ್ ಬರತ್ತಲ್ಲ, ಅದಕ್ಕೆ ಏನ್ ಮಾಡ್ತೀರ? ನಂದು ಪ್ಯಾನ್ ಜೊತೆ ನಡೆಯೋ ಶಾಟ್. ಕ್ಯಾರೆಕ್ಟರ್ ನಡುಗ್ತಾ ಇದಾನೆ.

---

ಲೈಟ್‌ಟೇಬಲ್

ಆ ಶಾಟ್‌ಗೆ ಮಾತ್ರ ಒಂದೊಂದು ಫ್ರೇಮ್‌ಗೂ ಡ್ರಾಯಿಂಗ್ ಹಾಕಿ. ಬ್ಯಾಕ್‌ಗ್ರೌಂಡ್ ಮುಂದೆ ಹೋಗಿರತ್ತೆ, ಕಾಲು ಹಿಂದಿನ ಫ್ರೇಮಲ್ಲೇ ನಿಂತಿರತ್ತೆ, ಅದಕ್ಕೇ ಜಾರಿದಂಗೆ ಕಾಣೋದು. ಬೆನ್ನು ನೋವು ಗ್ಯಾರಂಟಿ. ಕೂತಿರೋ ಕ್ಯಾರೆಕ್ಟರ್‌ಗೆ ಈ ತೊಂದ್ರೆ ಕಮ್ಮಿ.

---

ತಿರುಗುಕುರ್ಚಿ

ಯಾರೂ ಪ್ಯಾನ್ ಬಗ್ಗೆ ಮಾತೇ ಆಡ್ತಿಲ್ಲ. ನನ್ನ ಪ್ರಕಾರ ಈ ಸೀನ್‌ಗೆ ಪ್ಯಾನೇ ಬೆಸ್ಟ್. ಬಾಗಿಲನ್ನ ಫ್ರೇಮ್ ಒಳಗೆ ಇಟ್ಕೊಂಡು ಕೂತ್ರೆ ನೋಡೋರಿಗೆ ಎಲ್ಲಾ ಗೊತ್ತು. ಗೊತ್ತಿಲ್ದೆ ಇದ್ರೆ ತಾನೇ ಭಯ? ಕ್ಯಾಮೆರಾ ರೂಮಿನ ಮೂಲೇಲಿರ್ಲಿ, ಬಾಗಿಲು ಮುಚ್ಚಿರೋದು ತೋರ್ಸಿ, ಅಲ್ಲಿಂದ ಮನುಷ್ಯನ ಹತ್ರ ಪ್ಯಾನ್ ಮಾಡಿ, ಅವನ ಮೇಲೆ ಸ್ವಲ್ಪ ಹೊತ್ತು ನಿಲ್ಲಿ, ವಾಪಸ್ ಪ್ಯಾನ್ ಮಾಡ್ದಾಗ ಬಾಗಿಲು ತೆಗ್ದಿದೆ. ಅದು ತೆರೆಯೋದನ್ನ ಯಾರೂ ನೋಡೇ ಇಲ್ಲ.

---

ಗ್ರಾಫ್‌ಹುಳ

ಐಡಿಯಾ ಚೆನ್ನಾಗಿದೆ, ಟೈಮ್ ಸಾಕಾಗಲ್ಲ. 36 ಲೆನ್ಸ್ ಹಾಕಿದ್ರೆ ಅಡ್ಡಕ್ಕೆ ಸುಮಾರು 53 ಡಿಗ್ರಿ ಕಾಣತ್ತೆ. 24 ಫ್ರೇಮಲ್ಲಿ ಪ್ಯಾನ್ ಜರ್ಕ್ ಆಗ್ಬಾರ್ದು ಅಂದ್ರೆ ಒಂದು ವಸ್ತು ಫ್ರೇಮಿನ ಈ ಅಂಚಿಂದ ಆ ಅಂಚಿಗೆ ಹೋಗೋಕೆ 7 ಸೆಕೆಂಡ್ ಕೊಡಿ ಅಂತ ಕ್ಯಾಮೆರಾದವರ ಹಳೇ ಲೆಕ್ಕ. ಸೆಕೆಂಡ್‌ಗೆ ಏಳೂವರೆ ಡಿಗ್ರಿ ಆಯ್ತು. ಬಾಗಿಲಿಗೂ ಮನುಷ್ಯನಿಗೂ 60 ಡಿಗ್ರಿ ಇದ್ರೆ ಒಂದು ಸಲಕ್ಕೇ 8 ಸೆಕೆಂಡ್. ಹೋಗಿ ಬರೋದಕ್ಕೇ ಅವ್ರ 16 ಸೆಕೆಂಡ್ ಖಾಲಿ, ನಿಲ್ಲೋಕೆ ಎಲ್ಲಿದೆ?

---

ತಿರುಗುಕುರ್ಚಿ

ಮೋಷನ್ ಬ್ಲರ್ ಹಾಕಿ ಸ್ಪೀಡ್ ಮಾಡ್ಲಿ. ಇಲ್ಲಾ ವಾಪಸ್ ಬರೋ ಪ್ಯಾನ್ ಮಾತ್ರ ಝರ್ರಂತ ಬರ್ಲಿ.

---

ಗ್ರಾಫ್‌ಹುಳ

ಶಟರ್ 0.5 ಇಟ್ರೆ ಬ್ಲರ್ ಅಂಚು ಮೆತ್ತಗೆ ಮಾಡತ್ತೆ, ಆದ್ರೂ ಮಧ್ಯಮ ವೇಗದ ಪ್ಯಾನ್‌ನಲ್ಲಿ ಬಾಗಿಲ ಚೌಕಟ್ಟಿನ ನೆಟ್ಟನೆ ಗೆರೆ ಎರಡೆರಡಾಗಿ ಕುಣಿಯೋದು ಕಾಣ್ತಾನೇ ಇರತ್ತೆ. ತುಂಬಾ ನಿಧಾನ ಇಲ್ಲಾ ತುಂಬಾ ಜೋರು, ಮಧ್ಯದ್ದೇ ಕೆಟ್ಟದ್ದು. ಝರ್ರಂತ ತಿರುಗ್ಸಿದ್ರೆ ಬ್ಲರ್ ಅದನ್ನ ಮುಚ್ಚತ್ತೆ, ಆದ್ರೆ ಆಗ ಅದು ಬೆಚ್ಚಿಬೀಳಿಸೋ ಶಾಟ್, ಕಾಯಿಸೋ ಶಾಟ್ ಅಲ್ಲ. ಯಾಕೆ ತಿರುಗಿತು ಅನ್ನೋ ಪ್ರಶ್ನೆನೂ ಬರತ್ತೆ, ಅಲ್ಲಿಂದ ಏನಾದ್ರೂ ಸದ್ದು ಬಂದಿರ್ಬೇಕು, ಬಂದಿದ್ರೆ ಅವನಿಗೂ ಕೇಳಿರ್ಬೇಕು.

---

ತಿರುಗುಕುರ್ಚಿ

ಹಂಗಾದ್ರೆ ಶಾಟ್‌ನ 24 ಸೆಕೆಂಡ್ ಮಾಡ್ಲಿ ಬಿಡಿ. ಕಥೆಗೆ ಬೇಕಿದ್ರೆ ಟೈಮ್ ಕೊಡ್ಬೇಕಪ್ಪ. ನೀವು ಹೇಳ್ತಿರೋ ಶಾಟ್‌ನಲ್ಲಿ ಬಾಗಿಲು ಯಾವಾಗ್ಲೂ ಕಾಣ್ತಾ ಇರತ್ತೆ, ಅಲ್ಲಿ ಕುತೂಹಲ ಇಲ್ಲ, ಬರೀ ಕಾಯೋದು.

---

ನೆರಳುಬೆಳಕು

ಕಾಯೋದೇ ಅವ್ರಿಗೆ ಬೇಕಾಗಿರೋದು ಅಂತ ನಾನು ಓದ್ಕೊಂಡೆ. "ಅವನಿಗೆ ಗೊತ್ತಾಗಲ್ಲ, ನೋಡೋರಿಗೆ ಮಾತ್ರ ಗೊತ್ತಾಗ್ಬೇಕು" ಅಂತ ಬರ್ದಿದಾರೆ. ನಿಮ್ಮ ಪ್ಯಾನ್‌ನಲ್ಲಿ ನೋಡೋರಿಗೂ ಕೊನೇವರೆಗೂ ಗೊತ್ತಾಗಲ್ಲ. ಅದು ಬೇರೆ ಸೀನು, ಕೆಟ್ಟ ಸೀನಲ್ಲ.

---

ಅರ್ಧರೆಂಡರ್

ಬಾಗಿಲು 1 ಮೀಟರ್ ಪಕ್ಕ, ಮಧ್ಯ 3 ಮೀಟರ್, ಕೊನೇ ಕೀ 410ರಲ್ಲಿ. ಹೆಗಲಿಂದ ಬಾಗಿಲು ಬಿಡಿಸ್ಕೊಳ್ಳೋದು 240ನೇ ಫ್ರೇಮ್ ದಾಟಿದ್ಮೇಲೆ ಕಾಣ್ತಿದೆ, ಅಷ್ಟೊತ್ತಿಗೆ ಬಾಗಿಲು ಅರ್ಧ ತೆಗ್ದಾಗಿದೆ. ಪಕ್ಕದಲ್ಲಿ ಕೂತಿದ್ದ ನನ್ನ ತಂಗಿಗೆ ಏನೂ ಹೇಳ್ದೆ ತೋರ್ಸ್ದೆ, "ರೂಮು ಚಿಕ್ಕದಾಗ್ತಿದ್ಯಾ?" ಅಂತ ಕೇಳಿದ್ಲು. ಕ್ಯಾಮೆರಾ ಹಿಂದೆ ಹೋಗ್ತಿದೆ ಅಂತ ಅವಳಿಗೆ ಗೊತ್ತಾಗ್ಲಿಲ್ಲ.

ಒಂದೇ ತಲೆನೋವು, ಟೇಬಲ್ ಮೇಲಿರೋ ಲ್ಯಾಂಪ್ ಕ್ಯಾಮೆರಾ ಕಡೆಗಿದೆ, ಅದು ಶುರುಲಿ ದೊಡ್ಡದಿದ್ದು ಕುಗ್ತಾ ಹೋಗತ್ತೆ. ಕಣ್ಣು ಅಲ್ಲಿಗೇ ಹೋಗತ್ತೆ.

---

ನೆರಳುಬೆಳಕು

ಮನುಷ್ಯನಿಗಿಂತ ಮುಂದೆ ಇರೋದೆಲ್ಲಾ ಕುಗ್ಗತ್ತೆ, ಹಿಂದೆ ಇರೋದೆಲ್ಲಾ ಬೆಳೆಯತ್ತೆ, ಅದನ್ನ ತಪ್ಪಿಸೋಕಾಗಲ್ಲ. ಲ್ಯಾಂಪ್ ಅವನ ಮೊಣಕೈ ಪಕ್ಕಕ್ಕೆ, ಅವನಿರೋ ದೂರಕ್ಕೇ ಸರಿಸಿ. ಟೇಬಲ್ಲಿನ ಮುಂದಿನ ಅಂಚೂ ಒಂಚೂರು ಚಲಿಸತ್ತೆ, ಅದನ್ನ ಕತ್ತಲಲ್ಲಿ ಇಡಿ.

---

ಅರ್ಧರೆಂಡರ್

ಲ್ಯಾಂಪ್ ಸರಿಸ್ದೆ, ಕಾಣ್ತಿಲ್ಲ ಈಗ. ಮೇಜಿನ ನೆರಳು ಮಾತ್ರ ಎಲ್ಲಾ ಹೊಸದಾಗಿ ಸೆಟ್ ಮಾಡ್ಬೇಕು. ಕಟ್_ಕಟ್_ಕಟ್ ಅವ್ರ ಲಾಕ್ ಶಾಟೂ ಒಂದು ರೆಂಡರ್ ಹಾಕ್ತೀನಿ ರಾತ್ರಿ, ಎರಡೂ ಪಕ್ಕಪಕ್ಕ ಇಲ್ಲೇ ಹಾಕ್ತೀನಿ ನೋಡಿ ಹೇಳಿ.

---

ಕಟ್_ಕಟ್_ಕಟ್

ಹಾಕಿ ಹಾಕಿ. ಸೌಂಡ್ ಇಲ್ದೆ ಹಾಕಿ ಎರಡನ್ನೂ, ಸೌಂಡ್ ಇದ್ರೆ ಯಾವ ಕ್ಯಾಮೆರಾ ಮೂವೂ ಗೆದ್ದುಬಿಡತ್ತೆ.

---

ರೆಂಡರ್_ಕ್ಯೂ

ಪಿಎನ್‌ಜಿ ಸೀಕ್ವೆನ್ಸಲ್ಲೇ ತೆಗೀರಿ ಮತ್ತೆ!